ಗಡಿಯಾರ ಇಲ್ಲದ ಡಬ್ಬಿಗೆ ಇವತ್ತು ಯಾವ ತಾರೀಖು?

ಶಿರಸಿ ಹತ್ತಿರ ಚಿಕ್ಕಪ್ಪನ ಅಡಿಕೆ ತೋಟದಲ್ಲಿ ಒಂದು ಮಳೆ ಅಳೆಯೋ ಡಬ್ಬಿ ಇಟ್ಟಿದ್ದೆ. ಒಳಗೆ ಎರಡು ಸಣ್ಣ ಬಟ್ಟಲು ತಕ್ಕಡಿ ಹಾಗೆ ಕೂತಿರುತ್ತವೆ. 0.2 ಮಿ.ಮೀ. ಮಳೆ ಆದಾಗ ತುಂಬಿದ ಬಟ್ಟಲು ಮಗುಚುತ್ತೆ, ಒಂದು ಸ್ವಿಚ್ ಟಕ್ ಅನ್ನುತ್ತೆ, ಪಂಪ್ ಶೆಡ್ಡಿನಲ್ಲಿರುವ ರಾಸ್ಪ್‌ಬೆರಿ ಪೈ 3 ಅನ್ನೋ ಪುಟ್ಟ ಕಂಪ್ಯೂಟರ್ ಅದನ್ನು ಬರೆದುಕೊಳ್ಳುತ್ತೆ. ಕೊಳೆ ರೋಗಕ್ಕೆ ಬೋರ್ಡೋ ಹೊಡೆದ ಮೇಲೆ ಎಷ್ಟು ಗಂಟೆಗೆ ಎಷ್ಟು ಮಳೆ ಬಿತ್ತು ಅಂತ ನೋಡೋ ಆಸೆ, ಅಷ್ಟೇ.

ಅಲ್ಲಿ ಇಂಟರ್ನೆಟ್ ಇಲ್ಲ. ಮಳೆಗಾಲದಲ್ಲಿ ಕರೆಂಟಂತೂ ಕೇಳಲೇಬೇಡಿ. ಪೈ 3ರಲ್ಲಿ ಬ್ಯಾಟರಿ ಇರೋ ಗಡಿಯಾರವೂ ಇಲ್ಲ. ಕರೆಂಟು ಹೋದರೆ ಅದಕ್ಕೆ ಹೊತ್ತು ಗೊತ್ತು ಇಲ್ಲ. ನೆಟ್ ಸಿಕ್ಕಾಗ ಕೇಳಿ ತಿಳಿದುಕೊಳ್ಳುತ್ತೆ, ಸಿಗದಿದ್ದರೆ `fake-hwclock` ಅನ್ನೋ ಪ್ರೋಗ್ರಾಂ ನಂಬುತ್ತೆ. ಅದರ ಕೆಲಸ ಸರಳ. ಗಂಟೆಗೊಮ್ಮೆ ಆಗಿನ ಸಮಯವನ್ನು ಒಂದು ಫೈಲಿಗೆ ಬರೆದಿಡುತ್ತೆ, ಮತ್ತೆ ಆನ್ ಆದಾಗ ಆ ಫೈಲಿನಲ್ಲಿರೋದನ್ನೇ "ಈಗಿನ ಸಮಯ" ಅಂತ ಹಾಕಿಬಿಡುತ್ತೆ. ನಡುವೆ ಹತ್ತು ನಿಮಿಷ ಹೋಗಿರಲಿ, ಹತ್ತು ದಿನ ಹೋಗಿರಲಿ, ಅದಕ್ಕೆ ಎಲ್ಲಾ ಒಂದೇ.

ಇದು ಇಲ್ಲದಿದ್ದರೆ ಬಹುಶಃ ನನಗೆ ಬೇಗ ಗೊತ್ತಾಗುತ್ತಿತ್ತು. ಲಾಗ್‌ನಲ್ಲಿ 1970ರ ಜನವರಿ 1, ಬೆಳಿಗ್ಗೆ 5:30 ಅಂತ ಬಂದರೆ ಯಾರಿಗಾದರೂ ಕಾಣುತ್ತೆ, ಅಲ್ವಾ. ಇಲ್ಲಿ ಹಾಗಲ್ಲ, ತಪ್ಪು ತಾರೀಖು ಸರಿಯಾದ ತಾರೀಖಿನ ಹಾಗೇ ಕಾಣುತ್ತೆ. 2021ರ ಜೂನ್ ತಿಂಗಳ ಪೂರ್ತಿ ಲೆಕ್ಕ ನಾನು ಕಳಕೊಂಡಿದ್ದು ಹೀಗೇ. ಪ್ರತಿ ಸಾಲಿನಲ್ಲೂ ಬರೀ ಗಡಿಯಾರದ ಸಮಯ ಮಾತ್ರ ಬರೆಸಿದ್ದೆ. ಯಾವ ಸಾಲು ಸರಿ, ಯಾವುದು ತಪ್ಪು ಅಂತ ಹಿಂದಿನಿಂದ ಬೇರೆ ಮಾಡೋಕೆ ದಾರಿಯೇ ಇರಲಿಲ್ಲ.

ಜುಲೈಗೆ ಸಾಲಿನ ರೂಪ ಬದಲಿಸಿದೆ.

```
n=4127 boot=7c1e up=3312 clock=2021-07-14T03:12:08 sync=no light=1
```

`n` ಸುಮ್ನೆ ಕ್ರಮಸಂಖ್ಯೆ, ಯಾವತ್ತೂ ಹಿಂದೆ ಹೋಗಲ್ಲ. `boot` ಅಂದರೆ `/proc/sys/kernel/random/boot_id` ಫೈಲಿನ ಮೊದಲ ನಾಲ್ಕು ಅಕ್ಷರ, ಪ್ರತಿ ಸಲ ಆನ್ ಆದಾಗ ಹೊಸದು ಬರುತ್ತೆ. `up` ಆನ್ ಆಗಿ ಎಷ್ಟು ಸೆಕೆಂಡು ಆಯಿತು ಅನ್ನೋದು. ಇದೇ ಮುಖ್ಯವಾದದ್ದು, ಯಾಕಂದರೆ ತಾರೀಖು ಎಷ್ಟೇ ತಪ್ಪಿರಲಿ, ಆನ್ ಆದಾಗಿನಿಂದ ಎಣಿಸಿದ ಸೆಕೆಂಡು ಸರಿಯಾಗೇ ಇರುತ್ತೆ. `sync` ನೋಡೋಕೆ `/run/systemd/timesync/synchronized` ಫೈಲ್ ಇದೆಯಾ ಅಂತ ನೋಡಿದರೆ ಸಾಕು. ಈ ಸಲ ಆನ್ ಆದ ಮೇಲೆ ಒಮ್ಮೆಯಾದರೂ ನೆಟ್‌ನಿಂದ ಸಮಯ ಸಿಕ್ಕಿದ್ದರೆ ಮಾತ್ರ ಅದು ಇರುತ್ತೆ. `light` ಅನ್ನೋದು ಬೇರೆ ಕೆಲಸಕ್ಕೆ, ಕತ್ತಲಾದರೆ ಶೆಡ್ಡಿನ ದೀಪ ಹಾಕಲಿ ಅಂತ ಹೊರಗಡೆ ಇಟ್ಟ ಬೆಳಕಿನ ಸೆನ್ಸರು. ಇದ್ದದ್ದು ಇರಲಿ ಅಂತ ಅದನ್ನೂ ಬರೆಸಿದೆ. ಅದೇ ಕೈ ಹಿಡಿಯಿತು.

ಜುಲೈ 10ಕ್ಕೆ ಹೋಗಿ ಫೋನಿನ ಹಾಟ್‌ಸ್ಪಾಟ್ ಕೊಟ್ಟು ಸಮಯ ಸರಿ ಮಾಡಿ ಬಂದೆ. 18ನೇ ತಾರೀಖು, ಭಾನುವಾರ ಸಂಜೆ ನಾಲ್ಕು ಗಂಟೆಗೆ ಮತ್ತೆ ಹೋದಾಗ ಡಬ್ಬಿ ಹೇಳುತ್ತಿದ್ದದ್ದು ಶನಿವಾರ ಬೆಳಗಿನ ಜಾವ 1:55. ಚಿಕ್ಕಪ್ಪ ಬಗ್ಗಿ ನೋಡಿ, "ತಮಾ, ನಿನ್ನ ಡಬ್ಬಿಗೆ ಇಂದು ಯಾವ ವಾರ ಹೇಳೇ ಗೊತ್ತಿಲ್ಲೆ" ಅಂದರು. 38 ಗಂಟೆ 5 ನಿಮಿಷ ಹಿಂದೆ ಬಿದ್ದಿತ್ತು.

ಜೂನ್‌ನಲ್ಲಿ ನಾನು ಮಾಡಿದ ಪೆದ್ದ ಕೆಲಸ ಅಂದರೆ ಮೊದಲು ಪ್ಲಗ್ ಕಿತ್ತು ಆಮೇಲೆ ಮೆಮೊರಿ ಕಾರ್ಡ್ ತೆಗೆದದ್ದು. ಈ ಸಲ ಹಾಗೆ ಮಾಡಲಿಲ್ಲ. ಓಡುತ್ತಿರುವಾಗಲೇ ಹಾಟ್‌ಸ್ಪಾಟ್ ಕೊಟ್ಟೆ. ಗಡಿಯಾರ ಒಮ್ಮೆಲೇ 38 ಗಂಟೆ ಮುಂದೆ ಹಾರಿತು, `sync=yes` ಅಂತ ಒಂದು ಸಾಲು ಬಿತ್ತು. ಆ ಒಂದು ಸಾಲು ಇದ್ದರೆ ಆ ಸಲ ಆನ್ ಆದಾಗಿನಿಂದ ಬರೆದ ಅಷ್ಟೂ ಸಾಲು ಸರಿ ಮಾಡಬಹುದು. ಸರಿಯಾದ ಸಮಯದ ಸಾಲಿನಲ್ಲಿ `up` ಎಷ್ಟಿದೆ, ಹಳೇ ಸಾಲಿನಲ್ಲಿ ಎಷ್ಟಿತ್ತು, ವ್ಯತ್ಯಾಸ ಕಳೆದರೆ ಆಯಿತು. ಪ್ಲಗ್ ಕಿತ್ತಿದ್ದರೆ ಇದೂ ಹೋಗುತ್ತಿತ್ತು.

ಮನೆಗೆ ಬಂದು ನೋಡಿದರೆ ಲಾಗ್‌ನಲ್ಲಿ ಮೂರು ತುಂಡು. ಮೊದಲನೇ ತುಂಡು ಜುಲೈ 10ರಿಂದ ಶುರುವಾಗಿ 14ರ ಬೆಳಗಿನ ಜಾವ 2:49ಕ್ಕೆ ಕಡಿದಿದೆ, ಅದು ನಿಖರ. ಮೂರನೇ ತುಂಡು ಹಾಟ್‌ಸ್ಪಾಟ್ ಕೊಟ್ಟದ್ದು, ಹಿಂದಕ್ಕೆ ಎಣಿಸಿದರೆ 17ರ ಬೆಳಿಗ್ಗೆ 11:22ಕ್ಕೆ ಶುರುವಾಗಿದೆ, ಅದೂ ನಿಖರ. ನಡುವಿನ ತುಂಡಿನದೇ ಕಥೆ. ಅದರ ಗಡಿಯಾರದ ಪ್ರಕಾರ 14ರ 2:17ಕ್ಕೆ ಶುರು, 15ರ ರಾತ್ರಿ 9:37ಕ್ಕೆ ಕೊನೆ. ಅಂದರೆ 2:49 ಆದ ಮೇಲೆ 2:17! ಸಮಯ ಹಿಂದೆ ಹೋಗಿದೆ. (ಆ 17 ನಿಮಿಷ ಕಾಕತಾಳೀಯ ಅಲ್ಲ. ನನ್ನಲ್ಲಿದ್ದ ಆವೃತ್ತಿಯಲ್ಲಿ ಗಂಟೆಗೊಮ್ಮೆಯ ಕೆಲಸಗಳು ಪ್ರತಿ ಗಂಟೆ 17ನೇ ನಿಮಿಷಕ್ಕೆ ನಡೆಯುತ್ತವೆ, `/etc/crontab` ತೆಗೆದು ನೋಡಿದರೆ ಕಾಣುತ್ತೆ. ಲಾಗ್ ಪ್ರತಿ ಸಲ ಸರಿಯಾಗಿ 17ಕ್ಕೇ ಶುರುವಾಗುತ್ತಿದ್ದರೆ ಅದು ಗಡಿಯಾರದ ಸಮಯ ಅಲ್ಲ, ಫೈಲಿನಿಂದ ಎತ್ತಿದ್ದು ಅಂತ ತಿಳಿಯಿರಿ.)

ಹಾಗಂತ ಈ ಸುಳ್ಳು ಗಡಿಯಾರ ಪೂರ್ತಿ ಸುಳ್ಳಲ್ಲ. ಅದು ಹಿಂದೆ ಬೀಳಬಹುದೇ ಹೊರತು ಮುಂದೆ ಓಡಲ್ಲ, ಯಾಕಂದರೆ ಒಂದು ಕಾಲಕ್ಕೆ ನಿಜವಾಗಿ ಕಂಡ ಸಮಯದಿಂದಲೇ ಶುರು ಮಾಡುತ್ತೆ. ಹಾಗಾಗಿ ಅದು ಹೇಳುವುದನ್ನು "ಈಗ ಇಷ್ಟು ಗಂಟೆ" ಅಂತ ಓದಬಾರದು, "ಇದಕ್ಕಿಂತ ಮುಂಚೆ ಅಂತೂ ಅಲ್ಲ" ಅಂತ ಓದಬೇಕು.

ಈಗ ನಡುವಿನ ತುಂಡನ್ನು ಎಲ್ಲಿ ಕೂರಿಸೋದು? ಅದರ ಉದ್ದ 43 ಗಂಟೆ 20 ನಿಮಿಷ. ಎರಡು ನಿಖರ ತುಂಡುಗಳ ನಡುವೆ ಇರೋ ಖಾಲಿ ಜಾಗ 80 ಗಂಟೆ 33 ನಿಮಿಷ. ಅಂದರೆ 37 ಗಂಟೆ 13 ನಿಮಿಷದಷ್ಟು ಅದು ಆಚೆ ಈಚೆ ಜಾರಬಹುದು. ಶುರುವಾದದ್ದು 14ರ ಬೆಳಗಿನ ಜಾವ 2:49ರಿಂದ 15ರ ಸಂಜೆ 4:02ರ ಒಳಗೆ. ಬೇರೆ ಯಾವ ಸಾಕ್ಷಿ ಇಲ್ಲದಿದ್ದರೂ ಇಷ್ಟಂತೂ ಖಂಡಿತ ಹೇಳಬಹುದು.

ಸಾಕ್ಷಿ ಇತ್ತು. ಗಡಿಯಾರ ಸರಿ ಇದ್ದ ದಿನಗಳಲ್ಲಿ ಆ ಸೆನ್ಸರಿಗೆ ಕತ್ತಲಾಗುತ್ತಿದ್ದದ್ದು ಸಂಜೆ 7:05ರಿಂದ 7:15ರ ಆಸುಪಾಸು. ನಡುವಿನ ತುಂಡಿನಲ್ಲಿ ಕತ್ತಲಾದದ್ದು "ಬೆಳಿಗ್ಗೆ 9:45ಕ್ಕೆ". ಅಂದರೆ ಗಡಿಯಾರ ಸುಮಾರು 9 ಗಂಟೆ 25 ನಿಮಿಷ ಹಿಂದಿದೆ, ಶುರುವಾದದ್ದು ಬೆಳಿಗ್ಗೆ 11:40ರ ಹೊತ್ತಿಗೆ. ಮೋಡ ಜಾಸ್ತಿ ಇದ್ದರೆ ಬೇಗ ಕತ್ತಲಾಗುತ್ತೆ, ಅದಕ್ಕೆ ಹದಿನೈದು ನಿಮಿಷ ಆಚೆ ಈಚೆ ಬಿಟ್ಟುಕೊಂಡೆ. ಬೆಳಗಾದ ಹೊತ್ತನ್ನೂ ಹೋಲಿಸಿದೆ, ಅಷ್ಟರೊಳಗೇ ಬಂತು.

ಆದರೆ ಬೆಳಕಿಗೆ ಹೊತ್ತು ಗೊತ್ತು, ತಾರೀಖು ಗೊತ್ತಿಲ್ಲ. 14ರ 11:40 ಇರಬಹುದು, 15ರ 11:40 ಇರಬಹುದು. ಎರಡೂ ಆ ಕಿಂಡಿಯೊಳಗೇ ಬೀಳುತ್ತವೆ. ಎರಡು ಸಲ ಕರೆಂಟು ಹೋಗಿದೆ, ಒಂದು ಸಲ ಒಂದು ದಿನಕ್ಕಿಂತ ಜಾಸ್ತಿ ಹೋಗಿದೆ, ಆದರೆ ಯಾವ ಸಲ? ಚಿಕ್ಕಪ್ಪನಿಗೆ ಫೋನ್ ಮಾಡಿದರೆ, ದಿನಾ ಹೋಗೋದನ್ನ ಯಾರು ನೆನಪಿಟ್ಟುಕೊಳ್ಳುತ್ತಾರೆ ಅಂತ ನಕ್ಕರು.

ಆದರೆ ಅವರ ಹತ್ತಿರ ಒಂದು ನೋಟ್‌ಬುಕ್ ಇದೆ. ಅಂಗಳದ ಗಾಜಿನ ಮಳೆಮಾಪಕದಿಂದ ದಿನಾ ಬೆಳಿಗ್ಗೆ 8:30ಕ್ಕೆ ಅಳೆದು ಬರೆಯುತ್ತಾರೆ. ಹವಾಮಾನ ಇಲಾಖೆಯೂ ಮಳೆಯ ದಿನವನ್ನು 8:30ಕ್ಕೇ ಮುಗಿಸುತ್ತೆ, ಅವರದ್ದೂ ಅದೇ ಅಭ್ಯಾಸ. 15ರ ಬೆಳಿಗ್ಗೆ 61 ಮಿ.ಮೀ., 16ರ ಬೆಳಿಗ್ಗೆ 22.

ನಡುವಿನ ತುಂಡು ಶುರುವಾದಾಗಿನಿಂದ ಮರುದಿನದ 8:30ರವರೆಗೆ, ಅಂದರೆ ಮೊದಲ 20 ಗಂಟೆ 50 ನಿಮಿಷದಲ್ಲಿ, ಬಟ್ಟಲು 248 ಸಲ ಮಗುಚಿತ್ತು. 49.6 ಮಿ.ಮೀ. ಅದು ಶುರುವಾದದ್ದು 15ಕ್ಕೆ ಅಂತಾದರೆ 16ರ ಬೆಳಿಗ್ಗೆ ಗಾಜಿನಲ್ಲಿ ಹೆಚ್ಚುಕಡಿಮೆ ಅಷ್ಟಾದರೂ ಇರಬೇಕಿತ್ತು, ಇದ್ದದ್ದು 22. ಒಂದು ದಿನ ಬಿದ್ದ ಮಳೆಯ ಒಂದು ಭಾಗ, ಆ ದಿನದ ಒಟ್ಟು ಮಳೆಗಿಂತ ಎರಡು ಪಟ್ಟು ಆಗೋಕೆ ಸಾಧ್ಯ ಇಲ್ಲ. 14 ಅಂತಾದರೆ 61ರಲ್ಲಿ 49.6, ಉಳಿದದ್ದು ಬೆಳಿಗ್ಗೆ ಡಬ್ಬಿ ಆಫ್ ಇದ್ದಾಗ ಬಿದ್ದದ್ದು. ಜೋರು ಮಳೆಯಲ್ಲಿ ಬಟ್ಟಲು ಮಗುಚುವಷ್ಟರಲ್ಲಿ ಸ್ವಲ್ಪ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತೆ, ಆ ತಪ್ಪೂ ಇದೇ ದಿಕ್ಕಿನದು. ಹಾಗಾಗಿ 14. ಒಂದು ದಿನಕ್ಕಿಂತ ಜಾಸ್ತಿ ಹೋದದ್ದು ಎರಡನೇ ಸಲ.

ಇಷ್ಟೆಲ್ಲಾ ಮಾಡಿದ ಮೇಲೆ ಹಳೇ `clock` ಅಳಿಸಿ ಹೊಸ ಸಮಯ ಹಾಕಿಬಿಡೋಣ ಅನ್ನಿಸಿತು. ಹಾಗೆ ಮಾಡಲಿಲ್ಲ, ಮಾಡಬೇಡಿ. ನಾಳೆ ನನ್ನ ಲೆಕ್ಕವೇ ತಪ್ಪು ಅಂತಾದರೆ ಮೂಲ ಇರಬೇಕು. ಪಕ್ಕದಲ್ಲಿ ಮೂರು ಕಾಲಂ ಸೇರಿಸಿದೆ: ನನ್ನ ಅಂದಾಜು ಸಮಯ, ಎಷ್ಟು ಆಚೆ ಈಚೆ ಇರಬಹುದು, ಯಾವ ಆಧಾರದಲ್ಲಿ. ನಡುವಿನ ತುಂಡಿನ ಸಾಲುಗಳಲ್ಲಿ "±15 ನಿಮಿಷ, ಹೊತ್ತು ಬೆಳಕಿನಿಂದ, ತಾರೀಖು ಚಿಕ್ಕಪ್ಪನ ಮಳೆ ಲೆಕ್ಕದಿಂದ" ಅಂತಿದೆ. ಜೂನ್‌ನ ಸಾಲುಗಳಿಗೆ "ಕ್ರಮ ಮಾತ್ರ ನಂಬಿ" ಅಂತ ಬರೆದೆ. ಅಲ್ಲಿ ಸಮಯದ ಕಾಲಂ ಖಾಲಿ. ಖಾಲಿ ಬಿಡೋಕೆ ಸ್ವಲ್ಪ ಹೊಟ್ಟೆ ಉರಿಯಿತು, ನಿಜ.

ಡಬ್ಬಿಯ ಪ್ರೋಗ್ರಾಂ ಪರದೆ ಮೇಲೆ ಏನು ಹೇಳಬೇಕು ಅನ್ನೋದನ್ನೂ ನಾನು ಬದಲಿಸಿದೆ.

```python
floor = max(BUILD_TIME, last_log_time)
now = datetime.now()
if os.path.exists(SYNC):
    return now, "ಸರಿ"
return max(now, floor), "ಇದು ಅಥವಾ ಇದರ ನಂತರ"
```

`BUILD_TIME` ಅಂದರೆ ನಾನು ಪ್ರೋಗ್ರಾಂ ಬರೆದು ಹಾಕಿದ ದಿನ, ಅದಕ್ಕಿಂತ ಮುಂಚೆ ಅದು ಓಡಿರೋಕೆ ಸಾಧ್ಯ ಇಲ್ಲ. `last_log_time` ಇರೋದರಿಂದ 2:49 ಆದ ಮೇಲೆ 2:17 ಅನ್ನೋ ತಮಾಷೆ ನಿಂತಿತು. ಲಾಗ್‌ನ `clock` ಮಾತ್ರ ಮೊದಲಿನ ಹಾಗೇ ಹಸಿಯಾಗಿ ಬರೆಯುತ್ತೆ, ಈ ಉತ್ತರ ಪರದೆಗೆ. ಈಗ ಪರದೆ ಮೇಲೆ ತಾರೀಖಿನ ಜೊತೆ "ಇದು ಅಥವಾ ಇದರ ನಂತರ" ಅಂತ ಬರುತ್ತೆ. ದಿನಕ್ಕೊಂದು ಫೈಲ್ ಮಾಡಿ ತಾರೀಖಿನ ಹೆಸರು ಇಡೋದನ್ನೂ ಬಿಟ್ಟೆ. ಫೈಲಿನ ಹೆಸರಿನಲ್ಲಿ ಈಗ `boot` ಅಕ್ಷರ ಮತ್ತು ಮೊದಲ `n` ಮಾತ್ರ. ಫೈಲಿಗೆ ತಾರೀಖಿನ ಹೆಸರಿಟ್ಟರೆ ಆ ತಾರೀಖನ್ನು ಎಲ್ಲರೂ ನಂಬಿಬಿಡುತ್ತಾರೆ, ನಾನೂ ಸೇರಿ.

ಆಗಸ್ಟ್‌ನಲ್ಲಿ DS3231 ಗಡಿಯಾರದ ಮಾಡ್ಯೂಲ್ ಹಾಕಿದೆ, `dtoverlay=i2c-rtc,ds3231` ಅಂತ ಒಂದು ಸಾಲು ಸೇರಿಸಿ `fake-hwclock` ತೆಗೆದೆ. ವರ್ಷಕ್ಕೆ ಒಂದು ನಿಮಿಷದಷ್ಟು ಮಾತ್ರ ತಪ್ಪಬಹುದಾದ ಚಿಪ್ಪು, ನನಗೆ ಧಾರಾಳ ಆಯಿತು. ಆದರೂ ಮೇಲಿನ ಐದು ಸಾಲು ತೆಗೆದಿಲ್ಲ. ಅದರ ಬ್ಯಾಟರಿ ಸತ್ತು ಕರೆಂಟೂ ಹೋದರೆ ಆ ಚಿಪ್ಪು 2000ನೇ ಇಸವಿ ಜನವರಿ 1ರಿಂದ ಶುರು ಮಾಡುತ್ತೆ, `dmesg`ನಲ್ಲಿ `SET TIME!` ಅಂತ ಒಂದು ಸಾಲು ಬಂದು ಹೋಗುತ್ತೆ. ತೋಟದ ಶೆಡ್ಡಿನಲ್ಲಿ ಕೂತು ಅದನ್ನು ಓದೋರು ಯಾರೂ ಇಲ್ಲ. ಮಾಡ್ಯೂಲ್ ಬಂದ ಮೇಲೂ ಬೆಳಕಿನ ಸೆನ್ಸರು ಅಲ್ಲೇ ಇದೆ, ಚಿಕ್ಕಪ್ಪನ ನೋಟ್‌ಬುಕ್ಕಿನ ಫೋಟೋ ತಿಂಗಳಿಗೊಮ್ಮೆ ತರಿಸಿಕೊಳ್ಳುತ್ತೇನೆ.