ಪಾಯ ಮುಚ್ಚುವ ಮೊದಲೇ ಅಳತೆ: ಪುಣೆಯಲ್ಲಿ ಸರ್ಕಾರಿ ಕೆಲಸದ ಬಿಲ್ ಮಾಡಿದ ನನ್ನ ಅನುಭವ

ಪುಣೆಯಲ್ಲಿ ನಾನು ಸಣ್ಣಪುಟ್ಟ ಸಿವಿಲ್ ಕೆಲಸಗಳ ಗುತ್ತಿಗೆ ಹಿಡಿಯುತ್ತೇನೆ. ಕಾಂಪೌಂಡ್ ಗೋಡೆ, ಚರಂಡಿ, ಹಳೆಯ ಕಟ್ಟಡಗಳ ರಿಪೇರಿ ಇಂಥವು. ನನ್ನ ಜೊತೆ ದುಡಿಯುವವರು ಹೆಚ್ಚಾಗಿ ಇಂಡಿ, ಸಿಂದಗಿ ಕಡೆಯವರು. ನಮ್ಮ ಕಡೆಯಿಂದ ಬಂದು ಈಗ ಹೊಸದಾಗಿ ಲೈಸೆನ್ಸ್ ಮಾಡಿಸಿಕೊಂಡ ಹುಡುಗರು ಕೇಳುವ ಪ್ರಶ್ನೆ ಒಂದೇ: "ಕೆಲಸ ಮುಗೀತು, ಬಿಲ್ ಕೊಟ್ಟೆ, ದುಡ್ಡು ಯಾಕೆ ಬರ್ತಿಲ್ಲ?" ಅವರಿಗಾಗಿ ನಾನು ಮಾಡಿದ ಒಂದು ಕೆಲಸದ ಬಿಲ್ ಹೇಗೆ ಸಾಗಿತು ಅಂತ ಬರೆಯುತ್ತಿದ್ದೇನೆ.

ಅದು ಒಂದು ಸರ್ಕಾರಿ ಹಾಸ್ಟೆಲಿನ ಕಾಂಪೌಂಡ್ ಗೋಡೆ, 60 ಮೀಟರ್ ಉದ್ದ. ನಕ್ಷೆಯಲ್ಲಿ ಪಾಯದ ಅಗಲ 75 ಸೆಂಟಿಮೀಟರ್, ಆಳ 90. ಅಗೆಯಲು ಶುರು ಮಾಡಿದರೆ ಅಲ್ಲಿ ಕಪ್ಪು ಮಣ್ಣು. ಗಟ್ಟಿ ನೆಲ ಸಿಗಲು 1.20 ಮೀಟರ್ ಇಳಿಯಬೇಕಾಯಿತು. ಅಂದರೆ 40.5 ಘನ ಮೀಟರ್ ಆಗಬೇಕಿದ್ದ ಅಗೆತ 54ಕ್ಕೆ ಹೋಯಿತು. ಮೂರನೇ ಒಂದು ಪಾಲು ಜಾಸ್ತಿ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ನಾವು ಟೈಪ್ ಮಾಡಿ ಕೊಡುವ ಬಿಲ್ ನೋಡಿ ಇಲಾಖೆ ಹಣ ಕೊಡುವುದಿಲ್ಲ. ಹಣ ಕೊಡುವುದು ಮೆಶರ್‌ಮೆಂಟ್ ಬುಕ್ ನೋಡಿ. ಇಲ್ಲಿ ಅದಕ್ಕೆ ಮೋಜಮಾಪ ಪುಸ್ತಿಕಾ ಅನ್ನುತ್ತಾರೆ, ಬಾಯಿಮಾತಲ್ಲಿ ಎಂ.ಬಿ. ಜೂನಿಯರ್ ಇಂಜಿನಿಯರ್ ಸೈಟಿಗೆ ಬಂದು ಉದ್ದ, ಅಗಲ, ಆಳ ಅಳೆದು ಅದರಲ್ಲಿ ಬರೆಯುತ್ತಾರೆ. ಅಳತೆ ಒಪ್ಪಿಗೆ ಅಂತ ನಾವು ಸಹಿ ಹಾಕುತ್ತೇವೆ. ಮೇಲಿನ ಇಂಜಿನಿಯರ್ ಪರಿಶೀಲಿಸುತ್ತಾರೆ. ಆಮೇಲೆ ಅದು ಲೆಕ್ಕದವರ ಟೇಬಲ್ಲಿಗೆ ಹೋಗುತ್ತದೆ. ಅಲ್ಲಿ ಕೂತವರು ಗೋಡೆ ನೋಡಿರುವುದಿಲ್ಲ. ಎಂ.ಬಿ.ಯಲ್ಲಿ ಇದ್ದದ್ದೇ ಅವರಿಗೆ ಗೋಡೆ.

ಪಾಯ ತೋಡಿದ ದಿನ ಮೋಡ ಕಟ್ಟಿತ್ತು. ನಮ್ಮ ಮೇಸ್ತ್ರಿ, "ಅಣ್ಣಾರೀ, ಮಳಿ ಬರೋಹಂಗದ, ಬೆಡ್ ಕಾಂಕ್ರೀಟ್ ಹಾಕಿ ಮುಚ್ಚಿಬಿಡೋಣ್ರಿ" ಅಂದ. ನಾನು ಒಪ್ಪಲಿಲ್ಲ. ಗುಂಡಿಯಲ್ಲಿ ನೀರು ನಿಂತರೆ ಪಂಪ್ ಹಚ್ಚಿ ತೆಗೆಯಬಹುದು. ಮುಚ್ಚಿದ ಪಾಯವನ್ನು ಮತ್ತೆ ಅಳೆಯುವುದು ಹೇಗೆ? ಇಂಜಿನಿಯರಿಗೆ ಫೋನ್ ಮಾಡಿದೆ, ಜೊತೆಗೆ ಒಂದು ಸಾಲಿನ ಪತ್ರವನ್ನೂ ಕಚೇರಿಯಲ್ಲಿ ಕೊಟ್ಟು ಠಸ್ಸೆ ಹಾಕಿಸಿಕೊಂಡೆ: ಪಾಯ ತಯಾರಿದೆ, ಮುಚ್ಚುವ ಮೊದಲು ಅಳತೆ ತೆಗೆದುಕೊಳ್ಳಬೇಕು ಅಂತ. ಅವರು ಬಂದರು. ಗುಂಡಿಯೊಳಗೆ ಅಳತೆ ಕೋಲು ನಿಲ್ಲಿಸಿ, ಆಳ ಕಾಣುವ ಹಾಗೆ, ಜಾಗ ಮತ್ತು ತಾರೀಖು ಬೀಳುವ ಫೋಟೋ ತೆಗೆದೆವು.

ಎಂ.ಬಿ.ಗೆ ಸಹಿ ಹಾಕುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಆಳದ ಕಾಲಮ್ಮಿನಲ್ಲಿ ಅವರು ಮೊದಲು ನಕ್ಷೆ ನೋಡಿ 0.90 ಬರೆದು, ಆಮೇಲೆ ಅದರ ಮೇಲೆಯೇ 1.20 ಅಂತ ತಿದ್ದಿದ್ದರು. ಅಂಕಿ ಸರಿಯಾಗಿಯೇ ಇತ್ತು. ಆದರೆ ಎಂ.ಬಿ.ಯಲ್ಲಿ ಅಂಕಿಯ ಮೇಲೆ ಅಂಕಿ ಬರೆಯುವ ಹಾಗಿಲ್ಲ. ಹಳೆಯದು ಓದಲು ಸಿಗುವಂತೆ ಒಂದು ಗೆರೆ ಹೊಡೆದು, ಹೊಸದು ಪಕ್ಕದಲ್ಲಿ ಬರೆದು, ಚಿಕ್ಕ ಸಹಿ ಹಾಕಬೇಕು. "ಸಾಹೇಬ್ರೇ, ಇದೊಂದು ಸರಿ ಮಾಡಿಬಿಡಿ" ಅಂತ ಕೇಳಿದೆ, ಅಲ್ಲೇ ಮಾಡಿಕೊಟ್ಟರು. ಎರಡು ನಿಮಿಷದ ಕೆಲಸ. ಅದೇ ಲೆಕ್ಕದವರ ಟೇಬಲ್ಲಿನಿಂದ ಆಕ್ಷೇಪಣೆಯಾಗಿ ವಾಪಸ್ ಬಂದಿದ್ದರೆ ಇಡೀ ಫೈಲು ಮತ್ತೆ ಕೆಳಗಿನಿಂದ ಹತ್ತಬೇಕಿತ್ತು.

ಕೆಲಸ ನಡೆಯುತ್ತಿರುವಾಗಲೇ ಆ ಇಂಜಿನಿಯರಿಗೆ ವರ್ಗಾವಣೆ ಆಯಿತು. ಹೊಸಬರು ಬಂದಾಗ ಗೋಡೆ ಎದೆಮಟ್ಟ ಎದ್ದಿತ್ತು. ಪಾಯದ ಅಳತೆ ಆಗಲೇ ದಾಖಲಾಗಿದ್ದರಿಂದ ಅವರು ಅಲ್ಲಿಂದ ಮುಂದಕ್ಕೆ ಅಳೆದರು, ಅಷ್ಟೇ. ಇದೇ ಊರಲ್ಲಿ ನಮ್ಮ ಕಡೆಯ ಇನ್ನೊಬ್ಬ ಗುತ್ತಿಗೆದಾರರಿಗೆ ಇಂಥದ್ದೇ ವರ್ಗಾವಣೆ ತುಂಬಾ ಹೊಡೆತ ಕೊಟ್ಟಿತು. ನೆಲದೊಳಗಿನದು ನಾನು ನೋಡಿಲ್ಲ, ನಕ್ಷೆಯಲ್ಲಿ ಇದ್ದಷ್ಟೇ ಬರೆಯುತ್ತೇನೆ ಅಂದರಂತೆ ಹೊಸ ಇಂಜಿನಿಯರ್. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ. ಕಾಣದ್ದಕ್ಕೆ ಸಹಿ ಹಾಕು ಅನ್ನುವುದು ನ್ಯಾಯವಲ್ಲ.

ಜಾಸ್ತಿ ಆದ 13.5 ಘನ ಮೀಟರ್‌ಗೆ ಅಳತೆ ಇದ್ದರೆ ಸಾಲದು, ಮಂಜೂರಾತಿಯೂ ಬೇಕು. ಟೆಂಡರಿಗಿಂತ ಯಾವ ಐಟಂ ಎಷ್ಟು ಹೆಚ್ಚಾಯಿತು, ಯಾವುದು ಕಡಿಮೆಯಾಯಿತು ಅನ್ನುವ ಎಕ್ಸೆಸ್-ಸೇವಿಂಗ್ ಪಟ್ಟಿ ಮಾಡಿ ಮೇಲಿನವರ ಒಪ್ಪಿಗೆ ಪಡೆಯಬೇಕು. ತುಂಬಾ ಜನ ಇದನ್ನು ಕೊನೆಯ ಬಿಲ್ಲಿಗೆ ಬಿಡುತ್ತಾರೆ. ನಾನು ಪಾಯ ಮುಗಿದ ವಾರದಲ್ಲೇ ಫೋಟೋ ಲಗತ್ತಿಸಿ ಪತ್ರ ಕೊಟ್ಟಿದ್ದೆ. ಒಪ್ಪಿಗೆ ಬರಲು ಸಮಯ ಹಿಡಿಯಿತು, ಆದರೆ ಆ ಸಮಯ ಗೋಡೆ ಕಟ್ಟುವುದರ ಜೊತೆಗೇ ಕಳೆಯಿತು.

ಲಗತ್ತುಗಳಲ್ಲಿ ವರ್ಕ್ ಆರ್ಡರ್ ಪ್ರತಿ, ಸಿಮೆಂಟ್ ಮತ್ತು ಕಬ್ಬಿಣದ ಖರೀದಿ ಬಿಲ್, ಫೋಟೋಗಳು ಇವೆಲ್ಲ ಸುಲಭ. ಸಿಕ್ಕಿಹಾಕಿಕೊಳ್ಳುವುದು ಎರಡು ಕಡೆ. ಒಂದು ಕಾಂಕ್ರೀಟ್ ಕ್ಯೂಬ್ ರಿಪೋರ್ಟ್. 15 ಸೆಂಟಿಮೀಟರ್ ಕ್ಯೂಬ್ ಮೂರು ಸೇರಿದರೆ ಒಂದು ಸ್ಯಾಂಪಲ್, ಅದನ್ನು 28ನೇ ದಿನ ಒಡೆದು ನೋಡುತ್ತಾರೆ. ರಿಪೋರ್ಟಿನಲ್ಲಿ ಕೆಲಸದ ಹೆಸರು ವರ್ಕ್ ಆರ್ಡರಿನಲ್ಲಿ ಇದ್ದ ಹಾಗೇ ಇರಬೇಕು. ನನ್ನ ರಿಪೋರ್ಟಿನಲ್ಲಿ ಲ್ಯಾಬಿನವರು ಸುಮ್ನೆ "ಕಾಂಪೌಂಡ್ ವಾಲ್, ಪುಣೆ" ಅಂತ ಟೈಪ್ ಮಾಡಿದ್ದರು. ಲೆಕ್ಕದವರು ತಡೆದರು. ಇದು ಯಾವ ಗೋಡೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ತಿದ್ದಿಸಿ ತರುವವರೆಗೆ ಬಿಲ್ ಅಲ್ಲೇ ಕೂತಿತು.

ಇನ್ನೊಂದು ರಾಯಲ್ಟಿ ಪಾಸು, ಅಂದರೆ ಸಾಮಾನಿಗೆ ಸರ್ಕಾರದ ರಾಯಲ್ಟಿ ಕಟ್ಟಿದ್ದಕ್ಕೆ ಚೀಟಿ. ಮರಳು, ಖಡಿ, ಮುರುಮ್ ತಂದ ಪ್ರತಿ ಗಾಡಿಯ ಪಾಸು ಬೇಕು. ಅವುಗಳಲ್ಲಿನ ಒಟ್ಟು ಅಳತೆ ಎಂ.ಬಿ.ಯ ಕೆಲಸಕ್ಕೆ ಬೇಕಾದ ಸಾಮಾನಿಗೆ ತಾಳೆಯಾಗಬೇಕು. ಪಾಸು ಬ್ರಾಸ್ ಲೆಕ್ಕದಲ್ಲಿ ಬರುತ್ತದೆ, ಎಂ.ಬಿ. ಘನ ಮೀಟರಿನಲ್ಲಿ, ಒಂದು ಬ್ರಾಸ್ ಅಂದರೆ 2.83 ಘನ ಮೀಟರ್. ಪಾಸು ಕಡಿಮೆ ಬಿದ್ದಷ್ಟಕ್ಕೆ ರಾಯಲ್ಟಿ ಬಿಲ್ಲಿನಲ್ಲೇ ಕಡಿತ. ಗಾಡಿ ಖಾಲಿ ಮಾಡುವ ಮೊದಲೇ ಡ್ರೈವರ್ ಕೈಯಿಂದ ಪಾಸು ತಗೊಳ್ಳಿ, ತಿಂಗಳಾದ ಮೇಲೆ ಯಾರೂ ಹುಡುಕಿ ಕೊಡುವುದಿಲ್ಲ.

ಜಿಎಸ್‌ಟಿ ಇನ್‌ವಾಯ್ಸ್ ಮಾತ್ರ ನಾನು ಅವಸರ ಮಾಡಿ ಕೊಡುವುದಿಲ್ಲ. ಎಂ.ಬಿ. ಪರಿಶೀಲನೆ ಮುಗಿದು ಮೊತ್ತ ನಿಕ್ಕಿಯಾದ ಮೇಲೆ, ಅದೇ ಅಂಕಿಗೆ ಇನ್‌ವಾಯ್ಸ್ ಮಾಡುತ್ತೇನೆ. ಮೊದಲೇ ಕೊಟ್ಟರೆ ಮೊತ್ತ ತಾಳೆಯಾಗದೆ ಫೈಲು ವಾಪಸ್ ಬರುತ್ತದೆ, ಮೇಲಾಗಿ ಹಣ ಕೈಗೆ ಬರುವ ಮೊದಲೇ ತೆರಿಗೆ ನಾವೇ ಕಟ್ಟಬೇಕಾಗುತ್ತದೆ.

ಕೈಗೆ ಬರುವುದು ಎಷ್ಟು ಅನ್ನುವುದನ್ನೂ ಲೆಕ್ಕ ಹಾಕಿಟ್ಟುಕೊಳ್ಳಿ. ಕೆಲಸ 10 ಲಕ್ಷದ್ದು, 18 ಶೇಕಡಾ ಜಿಎಸ್‌ಟಿ ಸೇರಿ 11.80 ಲಕ್ಷ ಅನ್ನೋಣ. ನನ್ನ ಹಾಗೆ ಸ್ವಂತ ಹೆಸರಿನಲ್ಲಿ ಮಾಡುವವರಿಗೆ ಆದಾಯ ತೆರಿಗೆ 1 ಶೇಕಡಾ, ಜಿಎಸ್‌ಟಿ ಟಿಡಿಎಸ್ 2 ಶೇಕಡಾ, ಕಾರ್ಮಿಕ ಸೆಸ್ 1 ಶೇಕಡಾ ಹಿಡಿಯುತ್ತಾರೆ. ಒಟ್ಟು 40 ಸಾವಿರ. ಕರಾರಿನ ಪ್ರಕಾರ ಹಿಡಿದಿಡುವ ಡಿಪಾಸಿಟ್ ಬೇರೆ. ಜಿಎಸ್‌ಟಿ ಟಿಡಿಎಸ್ ಕಳೆದುಹೋಗುವ ಹಣವಲ್ಲ. ಇಲಾಖೆ ರಿಟರ್ನ್ ಹಾಕಿದ ಮೇಲೆ ಪೋರ್ಟಲಿನಲ್ಲಿ ನಾವು ಒಪ್ಪಿಕೊಂಡರೆ ನಮ್ಮ ಕ್ಯಾಶ್ ಲೆಡ್ಜರಿಗೆ ಬರುತ್ತದೆ.

ಇಷ್ಟೆಲ್ಲ ಸರಿ ಇದ್ದೂ ಹಣ ಬರದಿದ್ದರೆ ಲೆಕ್ಕದವರನ್ನು ಒಂದೇ ಮಾತು ಕೇಳಿ: ಕಾಗದದ ಕೊರತೆಯಾ, ಇಲ್ಲ ಬಿಲ್ ಪಾಸಾಗಿ ನಿಧಿ ಇಲ್ವಾ? ಕಾಗದದ ಕೊರತೆ ಇದ್ದರೆ ಆಕ್ಷೇಪಣೆಯನ್ನು ಬರೆದು ಕೊಡಿ ಅನ್ನಿ, ಎಲ್ಲಾ ಅಂಶಗಳಿಗೂ ಒಂದೇ ಸಲ ಉತ್ತರ ಕೊಡಿ. ಪಾಸಾಗಿ ನಿಧಿ ಇಲ್ಲ ಅಂದರೆ ಇನ್ನಷ್ಟು ಕಾಗದ ಕೊಟ್ಟು ಪ್ರಯೋಜನವಿಲ್ಲ. ಆಗ ಕಚೇರಿಯ ಬಾಕಿ ಪಟ್ಟಿಯಲ್ಲಿ ನಿಮ್ಮ ಬಿಲ್ ಸೇರಿದೆಯಾ, ಯಾವ ಲೆಕ್ಕಶೀರ್ಷಿಕೆಯಡಿ ಬೇಡಿಕೆ ಹೋಗಿದೆ ಅಂತ ನೋಡಬೇಕು. ವರ್ಷದ ಅನುದಾನ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಾಗಾಗಿ ಅಳತೆ ಫೆಬ್ರವರಿಯೊಳಗೆ ಮುಗಿಸಿಕೊಳ್ಳುತ್ತೇನೆ.

ಆ ಗೋಡೆಯ ಬಿಲ್ ಬಂದಾಯಿತು. ಡಿಪಾಸಿಟ್ ಇನ್ನೂ ಇಲಾಖೆಯಲ್ಲಿದೆ. ದೋಷ ಹೊಣೆಗಾರಿಕೆ ಅವಧಿ, ಅಂದರೆ ಕೆಲಸದಲ್ಲಿ ದೋಷ ಕಂಡರೆ ನಾವೇ ಸರಿಪಡಿಸಿ ಕೊಡಬೇಕಾದ ಅವಧಿ, ಮುಗಿದ ಮೇಲೆ ಕೆಲಸ ಪೂರ್ಣಗೊಂಡ ಸರ್ಟಿಫಿಕೇಟ್ ಲಗತ್ತಿಸಿ ಅರ್ಜಿ ಕೊಡಬೇಕು. ಅವಧಿ ಎಣಿಸುವುದು ಆ ಸರ್ಟಿಫಿಕೇಟಿನ ತಾರೀಖಿನಿಂದ, ಕೊನೆಯ ಬಿಲ್ ಬಂದ ದಿನದಿಂದಲ್ಲ.