9 ದಿನದ ರಜೆ: ಯೋಗವೋ, ಪಂಚಕರ್ಮವೋ, ಕಾಫಿ ತೋಟವೋ?

ಕಳೆದ ಮಳೆಗಾಲದಲ್ಲಿ ನನಗೆ 9 ದಿನ ರಜೆ ಸಿಕ್ಕಿತು. ನಿದ್ದೆ ಕೆಟ್ಟು ತಿಂಗಳುಗಳಾಗಿದ್ದವು, ಜೊತೆಗೆ ಸೊಂಟನೋವು. ಮೈಸೂರಿನ ಯೋಗ ಶಿಬಿರ, ಆಯುರ್ವೇದ ಕೇಂದ್ರ, ಸಕಲೇಶಪುರದ ಕಡೆಯ ಹೋಂಸ್ಟೇ, ಮೂರೂ ಕಣ್ಮುಂದೆ ಇದ್ದವು. ಮನಸ್ಸು ಎಳೀತಿದ್ದದ್ದು ಪಂಚಕರ್ಮದ ಕಡೆಗೇ, ಆದರೆ ಭಯವೂ ಇತ್ತು.

ಯಾಕೆಂದರೆ ಎರಡು ವರ್ಷದ ಹಿಂದೆ ಒಂದು ಕಡೆ 5 ದಿನದ ಪ್ಯಾಕೇಜ್ ತೆಗೆದುಕೊಂಡಿದ್ದೆ. ಎರಡು ದಿನ ತುಪ್ಪ ಕುಡಿಸಿ, ಮೂರನೇ ದಿನಕ್ಕೇ ಭೇದಿಯ ಔಷಧಿ ಕೊಟ್ಟರು. ಐದನೇ ದಿನ ರಾತ್ರಿ ಬಸ್ಸು, ಬೆಳಗ್ಗೆ ಆಫೀಸು, ಮಧ್ಯಾಹ್ನ ಕ್ಯಾಂಟೀನ್ ಊಟ. ವಾರವಿಡೀ ಹೊಟ್ಟೆ ಉಬ್ಬರ, ಮೆಟ್ಟಿಲು ಹತ್ತಲೂ ಶಕ್ತಿ ಇಲ್ಲ.

ಹಾಗಾಗಿ ಈ ಸಲ ಮೊದಲು ಪರಿಚಯದ ವೈದ್ಯರ ಹತ್ತಿರ ಹೋದೆ. ಅವರು ದಿನಗಳ ಲೆಕ್ಕ ಬಿಡಿಸಿ ಹೇಳಿದರು. ಖಾಲಿ ಹೊಟ್ಟೆಗೆ ಔಷಧಿ ತುಪ್ಪ, ದಿನಾ ಸ್ವಲ್ಪ ಜಾಸ್ತಿ ಮಾಡುತ್ತಾ 3ರಿಂದ 7 ದಿನ. ಎಷ್ಟು ದಿನ ಅನ್ನೋದು ಮೊದಲೇ ಗೊತ್ತಾಗಲ್ಲ, ಚರ್ಮ ನುಣುಪಾಗಿ, ಮಲದಲ್ಲಿ ಜಿಡ್ಡು ಕಂಡು, ತುಪ್ಪ ನೋಡಿದರೇ ಬೇಡ ಅನ್ನಿಸಿದಾಗ ಸಾಕು ಅಂತ ಅರ್ಥ. ಆಮೇಲೆ 3 ದಿನ ಮೈಗೆ ಎಣ್ಣೆ ತಿಕ್ಕಿ ಬೆವರಿಳಿಸುವುದು. ಒಂದು ದಿನ ಭೇದಿ. ಅಲ್ಲಿಗೆ ಮುಗಿಯಲ್ಲ, ಮತ್ತೆ 3ರಿಂದ 7 ದಿನ ತೆಳು ಗಂಜಿಯಿಂದ ಶುರುಮಾಡಿ ಮೆಲ್ಲಗೆ ಅನ್ನಕ್ಕೆ ಬರಬೇಕು. "ತೀರಾ ಕಡಿಮೆ ಅಂದರೂ 10 ದಿನ ಆಯ್ತಲ್ಲಮ್ಮಾ, ಎರಡು ವಾರ ಇಟ್ಟುಕೊಂಡೇ ಬಾ" ಅಂದರು. ನಾನು ಹಿಂದೆ ತಪ್ಪಿಸಿಕೊಂಡಿದ್ದು ಆ ಗಂಜಿಯ ದಿನಗಳನ್ನೇ! ಕಡಿಮೆ ದಿನ ಇದ್ದರೆ ಬರೀ ಎಣ್ಣೆ ತಿಕ್ಕಿಸಿಕೊಂಡು ಬರಬಹುದು, ಅದರಲ್ಲಿ ತಪ್ಪೇನಿಲ್ಲ, ಆದರೆ ಅದನ್ನ ಪಂಚಕರ್ಮ ಅಂತ ಮಾರಿದರೆ ಒಪ್ಪಬೇಡಿ.

ಯೋಗ ಶಿಬಿರಕ್ಕೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. ಸೊಂಟನೋವು ಇರುವವರಿಗೆ ಮುಂದಕ್ಕೆ ಬಾಗುವ ಆಸನ ಬಿಟ್ಟು ಬೇರೆ ಹೇಳಿಕೊಡುತ್ತೀರಾ? ಬ್ಯಾಚಿನಲ್ಲಿ ಎಲ್ಲರಿಗೂ ಒಂದೇ ಅಂದರು. ದಿನಕ್ಕೆ ಎರಡು ತರಗತಿ, ಬೆಳಗ್ಗೆ ಐದೂವರೆಗೆ ಹಾಜರಿರಬೇಕು. ನಿದ್ದೆ ಇಲ್ಲದ ನನಗೆ ಅದು ಆಗದ ಮಾತು, ಅಲ್ವಾ.

ಕೊನೆಗೆ ತೋಟದ ಮನೆಗೆ ಹೋದೆ. ಮಳೆಗೆ ಕರೆಂಟ್ ಹೋಗುತ್ತಿತ್ತು, ಎಂಟೂವರೆಗೆ ಊಟ ಮುಗಿಸಿ ಮಲಗುವುದೇ ಕೆಲಸ. ತೋಟಕ್ಕೆ ಇಳಿದರೆ ಇಂಬಳ, ಉಪ್ಪು ಜೊತೆಗೆ ಇಟ್ಟುಕೊಂಡೇ ನಡೆಯಬೇಕು. ಮೊದಲ ಮೂರು ರಾತ್ರಿ ಹೊರಳಾಡಿದೆ. ನಾಲ್ಕನೇ ದಿನ ಕಣ್ಣುಬಿಟ್ಟಾಗ ಏಳೂವರೆ, ಹೆಂಚಿನ ಮೇಲೆ ಮಳೆ ಸುರಿಯುತ್ತಲೇ ಇತ್ತು.

ಸೊಂಟನೋವು ಹೋಗಿಲ್ಲ. ಅದಕ್ಕೆ ಪಂಚಕರ್ಮಕ್ಕೆಂದೇ ಮುಂದಿನ ಆಷಾಢದಲ್ಲಿ 18 ದಿನ ರಜೆ ಕೇಳಿದ್ದೇನೆ, ಕೊನೆಯ 4 ದಿನ ಮನೆಯಲ್ಲೇ ಇರುವುದಕ್ಕೆ.