ಮೂರು ವರ್ಷಕ್ಕೆ ಅಸಲು ಬಂದರೂ ನಷ್ಟ ತೋರಿಸುವ ಲೆಕ್ಕ

ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲುಗಳಿಗೆ ಹೊಸ ಯಂತ್ರದ ಲೆಕ್ಕ ಹಾಕಿಕೊಡುವಾಗ ಮೊದಲು ಬರುವ ಪ್ರಶ್ನೆ ಒಂದೇ: ‘ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ ಸಾರ್?’ ಕೇಳುವುದು ಸರಿಯೇ. ಆದರೆ ಆ ಒಂದು ಉತ್ತರ ನೋಡಿಕೊಂಡೇ ಯಂತ್ರ ತರಿಸಿದರೆ ಏನಾಗುತ್ತದೆ ಎಂಬುದನ್ನು ಒಂದು ಮಾದರಿ ಲೆಕ್ಕ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಂಕಿಗಳನ್ನು ಕೈಲೆಕ್ಕಕ್ಕೆ ಸುಲಭವಾಗಲಿ ಎಂದು ದುಂಡಗೆ ಇಟ್ಟಿದ್ದೇನೆ, ಆದಾಯ ತೆರಿಗೆಯನ್ನು ಬದಿಗಿಟ್ಟಿದ್ದೇನೆ. ಹಾಕುವ ಕ್ರಮ ಮಾತ್ರ ನಾನು ದಿನವೂ ಹಾಕುವಂಥದ್ದೇ.

ಮಿಲ್ಲಿನವರ ಕೈಯಲ್ಲಿ 10 ಲಕ್ಷ ರೂಪಾಯಿ ಇದೆ ಅಂತಿಟ್ಟುಕೊಳ್ಳಿ. ಅದರಲ್ಲಿ ಎರಡು ಪಾಲು ಬ್ಯಾಂಕ್ ಸಾಲ, ಒಂದು ಪಾಲು ಸ್ವಂತದ್ದು. ಮುಂದೆ ಎರಡು ದಾರಿ. ಒಂದು, ಶೇಂಗಾ ಒತ್ತಿ ಎಣ್ಣೆ ತೆಗೆಯುವ ಸೆಕೆಂಡ್ ಹ್ಯಾಂಡ್ ಎಕ್ಸ್‌ಪೆಲ್ಲರ್ ತರುವುದು. ಇನ್ನೊಂದು, ಮಿಲ್ಲಿನ ಚಾವಣಿಗೆ 20 ಕಿಲೋವ್ಯಾಟ್ ಸೋಲಾರ್ ಹಾಕಿಸುವುದು.

ಎಕ್ಸ್‌ಪೆಲ್ಲರ್‌ನಿಂದ ಮೊದಲ ಎರಡು ವರ್ಷ ತಲಾ 4 ಲಕ್ಷ ಕೈಗೆ ಬರುತ್ತದೆ. ಆಮೇಲೆ ವರ್ಮ್ ಮತ್ತು ಕೇಜ್ ಬಾರ್ ಸವೆಯುತ್ತವೆ, ಒತ್ತಡ ಇಳಿಯುತ್ತದೆ, ಹಿಂಡಿಯಲ್ಲೇ ಎಣ್ಣೆ ಉಳಿಯತೊಡಗುತ್ತದೆ, ರಿಪೇರಿಗೆ ನಿಲ್ಲಿಸುವ ದಿನಗಳೂ ಹೆಚ್ಚುತ್ತವೆ. ಹಾಗಾಗಿ ಮೂರನೇ ವರ್ಷ 2 ಲಕ್ಷ, ನಾಲ್ಕನೇ ವರ್ಷ 1 ಲಕ್ಷ. ಅಲ್ಲಿಗೆ ಅದರ ಆಯಸ್ಸು ಮುಗಿಯಿತು ಎಂದು ಹಿಡಿದಿದ್ದೇನೆ. ಸರಳ ಪೇಬ್ಯಾಕ್ ಪ್ರಕಾರ 4, 4, 2 ಕೂಡಿದರೆ 10. ಸರಿಯಾಗಿ ಮೂರು ವರ್ಷಕ್ಕೆ ಅಸಲು ಬಂತು, ನಾಲ್ಕನೇ ವರ್ಷದ 1 ಲಕ್ಷ ಲಾಭ ಎನಿಸುತ್ತದೆ.

ಸೋಲಾರ್ ಲೆಕ್ಕ ಹೀಗೆ: ನಮ್ಮ ಭಾಗದ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ ಎಂದು ಹಿಡಿದರೆ ವರ್ಷಕ್ಕೆ ಸುಮಾರು 29,000 ಯೂನಿಟ್. ಸ್ವಂತ ಬಳಕೆಯಿಂದ ಉಳಿತಾಯವಾಗುವ ಬೆಸ್ಕಾಂ ಬಿಲ್ಲು, ಸೀಸನ್ ಇಲ್ಲದ ತಿಂಗಳಲ್ಲಿ ಗ್ರಿಡ್ಡಿಗೆ ಕೊಟ್ಟದ್ದಕ್ಕೆ ಸಿಗುವ ಕಡಿಮೆ ದರ, ಎರಡನ್ನೂ ಸೇರಿಸಿ ಯೂನಿಟ್ಟಿಗೆ ಸರಾಸರಿ 7 ರೂಪಾಯಿ 50 ಪೈಸೆ ಬಿದ್ದರೆ ವರ್ಷಕ್ಕೆ ಸುಮಾರು 2,20,000 ರೂಪಾಯಿ. ಪ್ಯಾನೆಲ್ ವರ್ಷವರ್ಷ ತುಸು ಶಕ್ತಿ ಕಳೆದುಕೊಳ್ಳುತ್ತದೆ, ವಿದ್ಯುತ್ ದರ ತುಸು ಏರುತ್ತದೆ. ಎರಡೂ ಒಂದಕ್ಕೊಂದು ಸರಿಹೋಗುತ್ತವೆ ಎಂದುಕೊಂಡು ಮೊತ್ತವನ್ನು ಹಾಗೆಯೇ ಇಟ್ಟಿದ್ದೇನೆ. ಸರಳ ಪೇಬ್ಯಾಕ್ ನಾಲ್ಕೂವರೆ ವರ್ಷದ ಮೇಲಾಯಿತು.

ಇಷ್ಟೇ ನೋಡಿದರೆ ಎಕ್ಸ್‌ಪೆಲ್ಲರ್ ಗೆದ್ದಿತು. ಆದರೆ ಮೂರನೇ ವರ್ಷ ಬರುವ ರೂಪಾಯಿಯನ್ನು ಇವತ್ತು ಎಣಿಸಿಕೊಟ್ಟ ರೂಪಾಯಿಗೆ ಸಮ ಎಂದುಕೊಂಡಿದ್ದೇವೆ. ಆ ಮೂರು ವರ್ಷವೂ ಬ್ಯಾಂಕಿಗೆ ಬಡ್ಡಿ ಓಡುತ್ತಿರುತ್ತದೆ, ಸ್ವಂತ ದುಡ್ಡು ಬೇರೆ ಕಡೆ ದುಡಿಯದೆ ಇಲ್ಲೇ ಸಿಕ್ಕಿಕೊಂಡಿರುತ್ತದೆ. ಅದನ್ನು ಲೆಕ್ಕಕ್ಕೆ ತರುವುದೇ ಡಿಸ್ಕೌಂಟೆಡ್ ಪೇಬ್ಯಾಕ್.

ಯಾವ ದರದಲ್ಲಿ ಡಿಸ್ಕೌಂಟ್ ಮಾಡಬೇಕು? ಸಾಲದ ಬಡ್ಡಿ ಶೇ. 11. ಸ್ವಂತ ದುಡ್ಡನ್ನು ಸೀಸನ್‌ನಲ್ಲಿ ಶೇಂಗಾ ಖರೀದಿಗೆ ತೊಡಗಿಸಿದರೆ ಶೇ. 14 ಗಿಟ್ಟುತ್ತದೆ ಎಂದು ಮಾಲೀಕರೇ ಹೇಳುತ್ತಾರೆ ಅನ್ನಿ. ಎರಡು ಪಾಲು 11, ಒಂದು ಪಾಲು 14, ಸರಾಸರಿ 12. ಈ ದರವನ್ನು ನಾನು ಊಹೆಯಿಂದ ಇಡುವುದಿಲ್ಲ, ದುಡ್ಡು ಎಲ್ಲೆಲ್ಲಿಂದ ಬಂತು ಎಂದು ಕೇಳಿಯೇ ಇಡುತ್ತೇನೆ. ಶೇ. 12ಕ್ಕೆ ಒಂದು ವರ್ಷದ ನಂತರ ಬರುವ ರೂಪಾಯಿಯ ಇವತ್ತಿನ ಬೆಲೆ 89.3 ಪೈಸೆ. ಎರಡನೇ ವರ್ಷದ್ದು 79.7, ಮೂರನೆಯದು 71.2, ನಾಲ್ಕನೆಯದು 63.6 ಪೈಸೆ.

ಎಕ್ಸ್‌ಪೆಲ್ಲರ್‌ನ ದುಡ್ಡನ್ನು ಹೀಗೆ ಇಳಿಸಿದರೆ ಮೊದಲ ವರ್ಷದ 4 ಲಕ್ಷ 3,57,200 ಆಗುತ್ತದೆ, ಎರಡನೆಯದು 3,18,800, ಮೂರನೆಯದು 1,42,400, ನಾಲ್ಕನೆಯದು 63,600. ಒಟ್ಟು 8,82,000. ಅಂದರೆ ಡಿಸ್ಕೌಂಟೆಡ್ ಪೇಬ್ಯಾಕ್ ಮೂರು ವರ್ಷವೂ ಅಲ್ಲ, ನಾಲ್ಕೂ ಅಲ್ಲ. ಅಸಲು ಬರುವುದೇ ಇಲ್ಲ. ಕೊನೆಗೆ ಗುಜರಿಗೆ 1 ಲಕ್ಷ ಸಿಕ್ಕರೂ ಅದರ ಇವತ್ತಿನ ಬೆಲೆ 63,600, ಆಗಲೂ 54,400 ಕೊರತೆ. ಗುಜರಿ ಬಿಟ್ಟು ನೋಡಿದರೆ ಈ ಯಂತ್ರ ಹಾಕಿದ ದುಡ್ಡಿಗೆ ವರ್ಷಕ್ಕೆ ಶೇ. 5ರ ಆಸುಪಾಸು ಗಳಿಸಿಕೊಡುತ್ತದೆ. ಶೇ. 11ಕ್ಕೆ ಸಾಲ ತಂದು ಶೇ. 5 ಗಳಿಸುವ ಯಂತ್ರವನ್ನು ‘ಮೂರು ವರ್ಷಕ್ಕೆ ಅಸಲು’ ಎಂಬ ಮಾತು ಮುಚ್ಚಿಡುತ್ತದೆ.

ಕಂಪ್ಯೂಟರ್ ಶೀಟಿನಲ್ಲಿ ಇದು ಮೂರು ಸಾಲಿನ ಕೆಲಸ. A ಕಾಲಮ್ಮಿನಲ್ಲಿ ವರ್ಷ (0 ಇಂದ 4), B ಯಲ್ಲಿ ಆ ವರ್ಷದ ದುಡ್ಡು (0ನೇ ವರ್ಷಕ್ಕೆ -1000000), E1 ರಲ್ಲಿ ದರ 12%. ಎರಡನೇ ಸಾಲಿನಿಂದ ಶುರು:

```
C2:  =B2/(1+$E$1)^A2
D2:  =SUM($C$2:C2)
NPV: =B2+NPV($E$1,B3:B6)
```

C2, D2 ಎರಡನ್ನೂ ಕೆಳಗೆ ಎಳೆಯಿರಿ. D ಕಾಲಮ್ಮಿನ ಮೊತ್ತ ಮೈನಸ್ಸಿನಿಂದ ಪ್ಲಸ್ಸಿಗೆ ದಾಟುವ ವರ್ಷವೇ ಡಿಸ್ಕೌಂಟೆಡ್ ಪೇಬ್ಯಾಕ್. ಕೊನೆಯ ಸಾಲಿನಲ್ಲಿ B2 ಅನ್ನು ಬ್ರಾಕೆಟ್ಟಿನ ಹೊರಗೆ ಇಟ್ಟದ್ದಕ್ಕೆ ಕಾರಣವಿದೆ. ನಿವ್ವಳ ಇಂದಿನ ಬೆಲೆ ತೆಗೆಯುವ `NPV` ಫಂಕ್ಷನ್ ತನ್ನೊಳಗೆ ಕೊಟ್ಟ ಮೊದಲ ಅಂಕಿಯನ್ನೇ ಒಂದು ವರ್ಷದ ಆಚೆಯದು ಎಂದು ಭಾವಿಸುತ್ತದೆ. B2 ಒಳಗೆ ಹೋದರೆ ಉತ್ತರ ಪೂರ್ತಿ 1.12 ರಿಂದ ಭಾಗವಾಗಿ ಬರುತ್ತದೆ. D ಕಾಲಮ್ಮಿನ ಕೊನೆಯ ಮೊತ್ತ ಮತ್ತು ಈ ಉತ್ತರ ಒಂದೇ ಇರಬೇಕು. ಬೇರೆಯಾದರೆ ಇಲ್ಲೇ ಹುಡುಕಿ.

B ಕಾಲಮ್ಮಿಗೆ ಏನು ಬರೆಯಬೇಕು ಎನ್ನುವಲ್ಲೇ ಹೆಚ್ಚು ಲೆಕ್ಕಗಳು ಕೆಡುತ್ತವೆ. ಅಲ್ಲಿ ಬರೆಯಬೇಕಾದ್ದು ಕೈಗೆ ಬರುವ ನಗದು, ಲಾಭ-ನಷ್ಟ ಪತ್ರದ ಲಾಭವಲ್ಲ. ಸವಕಳಿ ಎಂದು ಕಳೆದದ್ದನ್ನು ವಾಪಸ್ ಕೂಡಬೇಕು, ಏಕೆಂದರೆ ಅದು ಯಾರ ಕೈಗೂ ಕೊಟ್ಟ ದುಡ್ಡಲ್ಲ. ಬ್ಯಾಂಕಿನ ಬಡ್ಡಿಯನ್ನೂ ಇಲ್ಲಿ ಕಳೆಯಬಾರದು. ಶೇ. 12ಕ್ಕೆ ಇಳಿಸುವಾಗಲೇ ಬಡ್ಡಿ ಅದರೊಳಗೆ ಬಂದಿರುತ್ತದೆ, ಮೇಲೆ ಕಂತಿನ ಬಡ್ಡಿಯನ್ನೂ ಕಳೆದರೆ ಒಂದೇ ಖರ್ಚನ್ನು ಎರಡು ಸಲ ಹೊತ್ತಂತೆ. ಒಳ್ಳೆಯ ಯಂತ್ರವೂ ಆಗ ನಷ್ಟ ತೋರಿಸುತ್ತದೆ. ನಿಮ್ಮ ಶೀಟಿನ ಖರ್ಚಿನ ಪಟ್ಟಿಯಲ್ಲಿ ‘ಇಎಂಐ’ ಎಂಬ ಸಾಲು ಕಂಡರೆ ಮೊದಲು ಅದನ್ನು ತೆಗೆಯಿರಿ. ಕಂತು ಕಟ್ಟಲು ತಿಂಗಳು ತಿಂಗಳು ದುಡ್ಡು ಸಾಲುತ್ತದೆಯೇ ಎಂಬುದನ್ನು ಬೇರೆ ಹಾಳೆಯಲ್ಲಿ ನೋಡಿಕೊಳ್ಳಬೇಕು.

ಇನ್ನು ‘ಇಷ್ಟು ವರ್ಷ ಇಷ್ಟು ತಿಂಗಳು’ ಎಂದು ಬರೆಯುವ ರೂಢಿ. ವರ್ಷದ ಉದ್ದಕ್ಕೂ ದುಡ್ಡು ಸಮನಾಗಿ ಬರುತ್ತದೆ ಎಂದುಕೊಂಡರೆ ಮಾತ್ರ ಆ ತಿಂಗಳಿಗೆ ಅರ್ಥ. ಮುಂಗಾರಿನ ಶೇಂಗಾ ಕಿತ್ತು ಮಂಡಿಗೆ ಬರುವುದು ಅಕ್ಟೋಬರ್-ನವೆಂಬರಿನ ಹೊತ್ತಿಗೆ. ಎಕ್ಸ್‌ಪೆಲ್ಲರ್ ದುಡಿಯುವುದು ಅದರ ನಂತರದ ಕೆಲವು ತಿಂಗಳು. ಹಾಗಾಗಿ ಸೀಸನ್ ಕಸುಬಿನ ಯಂತ್ರಕ್ಕೆ ನಾನು ತಿಂಗಳು ಬರೆಯುವುದಿಲ್ಲ, ‘ನಾಲ್ಕನೇ ಸೀಸನ್ ಮುಗಿದಾಗ’ ಎಂದಷ್ಟೇ ಬರೆಯುತ್ತೇನೆ.

ಈಗ ಸೋಲಾರ್. 2,20,000 ರೂಪಾಯಿಯನ್ನು ಅದೇ ಶೇ. 12ಕ್ಕೆ ಇಳಿಸುತ್ತ ಹೋದರೆ ಆರನೇ ವರ್ಷದ ಕೊನೆಗೆ ಸುಮಾರು 9,04,000 ಸೇರಿರುತ್ತದೆ, ಏಳನೇ ವರ್ಷದ ಕೊನೆಗೆ 10 ಲಕ್ಷ ದಾಟುತ್ತದೆ. ನಾಲ್ಕೂವರೆ ವರ್ಷ ಎಂದಿದ್ದದ್ದು ಏಳಾಯಿತು. ದೀರ್ಘಾವಧಿಯ ಹೂಡಿಕೆಯಲ್ಲಿ ಈ ಅಂತರ ದೊಡ್ಡದಾಗಿಯೇ ಇರುತ್ತದೆ. ಅಂದಾಜು ತುಸು ತಪ್ಪಿದರೂ ಅದು ಜಿಗಿಯುತ್ತದೆ: ಉಳಿತಾಯ 1,80,000ಕ್ಕೆ ಇಳಿದರೆ ಸರಳ ಪೇಬ್ಯಾಕ್ ಒಂದು ವರ್ಷ ಮಾತ್ರ ಹೆಚ್ಚುತ್ತದೆ, ಡಿಸ್ಕೌಂಟೆಡ್ ಪೇಬ್ಯಾಕ್ ಒಂಬತ್ತೂವರೆ ವರ್ಷವನ್ನೂ ದಾಟುತ್ತದೆ. 1,20,000ಕ್ಕೆ ಇಳಿದರೆ ಎಷ್ಟು ವರ್ಷ ಕಾದರೂ ಅಸಲು ಬರುವುದಿಲ್ಲ, ಬರುವ ದುಡ್ಡೆಲ್ಲ ಶೇ. 12ರ ಬಡ್ಡಿಗೇ ಸರಿಹೋಗುತ್ತದೆ. ಸರಳ ಪೇಬ್ಯಾಕ್ ಮಾತ್ರ ಆಗಲೂ ‘ಎಂಟು ವರ್ಷ ನಾಲ್ಕು ತಿಂಗಳು’ ಎಂದೇ ಹೇಳುತ್ತಿರುತ್ತದೆ.

ಹಾಗಾದರೆ ಡಿಸ್ಕೌಂಟೆಡ್ ಪೇಬ್ಯಾಕ್ ಒಂದನ್ನೇ ನಂಬಬಹುದೇ? ಅದೂ ಸಾಲದು. ಎಕ್ಸ್‌ಪೆಲ್ಲರ್ ಮಾರುವವರು ಹೊಸ ವರ್ಮ್, ಹೊಸ ಕೇಜ್ ಬಾರ್ ಜೋಡಿಸಿ ಅದೇ 10 ಲಕ್ಷಕ್ಕೆ ಕೊಡುತ್ತಾರೆ, ಅದರಿಂದ ನಾಲ್ಕು ವರ್ಷವೂ ತಲಾ 3,50,000 ಬರುತ್ತದೆ ಎಂದುಕೊಳ್ಳಿ. ಈಗ ನಾಲ್ಕನೇ ವರ್ಷದೊಳಗೆ ಬಡ್ಡಿ ಸಮೇತ ಅಸಲು ಬರುತ್ತದೆ. ಸೋಲಾರ್‌ಗೆ ಏಳು ವರ್ಷ. ಡಿಸ್ಕೌಂಟೆಡ್ ಪೇಬ್ಯಾಕ್ ನೋಡಿದರೆ ಮತ್ತೆ ಎಕ್ಸ್‌ಪೆಲ್ಲರ್ ಮುಂದೆ. ಆದರೆ ಅಸಲು ಬಂದ ಮೇಲೆ ಏನು ಉಳಿಯುತ್ತದೆ? ಎಕ್ಸ್‌ಪೆಲ್ಲರ್‌ನಲ್ಲಿ ಸುಮಾರು 63,000, ಅಷ್ಟೇ. ಸೋಲಾರನ್ನು 15 ವರ್ಷದ ತನಕ ಮಾತ್ರ ಎಣಿಸಿ, 11ನೇ ವರ್ಷ ಇನ್ವರ್ಟರ್ ಬದಲಿಸಲು 1,50,000 ಖರ್ಚನ್ನೂ ಕಳೆದರೂ ಇವತ್ತಿನ ಬೆಲೆಯಲ್ಲಿ ಸುಮಾರು 4,55,000 ಉಳಿಯುತ್ತದೆ. ಪೇಬ್ಯಾಕ್ ಎರಡೂ ಬಗೆಯಲ್ಲಿ ಗೆರೆ ಮುಟ್ಟಿದ ಕೂಡಲೇ ಎಣಿಕೆ ನಿಲ್ಲಿಸುತ್ತದೆ. ಆಚೆ ಬರುವ ಎಂಟು ವರ್ಷದ ದುಡ್ಡೂ ಅದಕ್ಕೆ ಕಾಣುವುದಿಲ್ಲ, ಇನ್ವರ್ಟರ್ ಖರ್ಚೂ ಕಾಣುವುದಿಲ್ಲ.

‘ನಾಲ್ಕು ವರ್ಷದ ಯಂತ್ರವನ್ನು ಹದಿನೈದು ವರ್ಷದ್ದಕ್ಕೆ ಹೋಲಿಸುವುದು ಯಾವ ನ್ಯಾಯ, ನಾಲ್ಕು ವರ್ಷಕ್ಕೆ ಇನ್ನೊಂದು ಎಕ್ಸ್‌ಪೆಲ್ಲರ್ ತರಬಹುದಲ್ಲ?’ ಎಂದು ಕೇಳಿದರೆ ಅದು ಸರಿಯಾದ ಆಕ್ಷೇಪ. ಆಗ ಉಳಿದ ಮೊತ್ತವನ್ನು ವರ್ಷದ ಪಾಲಿಗೆ ತರುತ್ತೇನೆ. ಶೀಟಿನಲ್ಲಿ ಎಕ್ಸ್‌ಪೆಲ್ಲರ್‌ಗೆ `=-PMT(12%,4,63000)`, ಸೋಲಾರ್‌ಗೆ `=-PMT(12%,15,455000)`. ಮೊದಲನೆಯದು ವರ್ಷಕ್ಕೆ 21,000ದ ಹತ್ತಿರ, ಎರಡನೆಯದು 67,000ದ ಹತ್ತಿರ. ಎಕ್ಸ್‌ಪೆಲ್ಲರನ್ನು ಮತ್ತೆ ಮತ್ತೆ ತಂದರೂ ಸೋಲಾರೇ ಮೇಲು.

ಇಷ್ಟಾದರೂ ಪೇಬ್ಯಾಕನ್ನು ನಾನು ಬಿಡುವುದಿಲ್ಲ, ಅದರ ಜಾಗ ಬೇರೆ. ಯಾವುದು ಹೆಚ್ಚು ಲಾಭ ಎಂಬುದನ್ನು ನಿವ್ವಳ ಇಂದಿನ ಬೆಲೆ, ಅಂದರೆ ಮೇಲಿನ `NPV` ಉತ್ತರ, ಹೇಳಲಿ. ದುಡ್ಡು ಎಷ್ಟು ದಿನ ಸಿಕ್ಕಿಕೊಂಡಿರುತ್ತದೆ, ಅಷ್ಟು ದಿನ ತಡೆಯಬಲ್ಲೆವೇ ಎಂಬುದನ್ನು ಡಿಸ್ಕೌಂಟೆಡ್ ಪೇಬ್ಯಾಕ್ ಹೇಳಲಿ. ಮಿಲ್ಲಿನ ಶೆಡ್ ಬಾಡಿಗೆಯದಾಗಿದ್ದು ಕರಾರು ಐದೇ ವರ್ಷ ಉಳಿದಿದ್ದರೆ ಏಳು ವರ್ಷ ಬೇಡುವ ಸೋಲಾರ್ ಆ ಚಾವಣಿಗೆ ಆಗದು, 4,55,000 ಕಾಗದದ ಮೇಲಷ್ಟೇ ಇರುತ್ತದೆ. ಅಂಥಲ್ಲಿ ನಾನು ಲೆಕ್ಕವನ್ನು ಐದನೇ ವರ್ಷಕ್ಕೇ ನಿಲ್ಲಿಸುತ್ತೇನೆ. ಪ್ಯಾನೆಲ್ ಬಿಚ್ಚಿ ಬೇರೆಡೆ ಕೂರಿಸುವ ಖರ್ಚು ಕಳೆದು ಉಳಿಯುವ ಬೆಲೆಯನ್ನು ಐದನೇ ಸಾಲಿಗೆ ಕೂಡಿ, `NPV` ಮತ್ತೆ ತೆಗೆಯುತ್ತೇನೆ. ಈ ಮಾದರಿಯಲ್ಲಿ ಐದು ವರ್ಷದ ಉಳಿತಾಯದ ಇವತ್ತಿನ ಬೆಲೆ ಸುಮಾರು 7,93,000. ಐದನೇ ವರ್ಷ ಬಿಚ್ಚಿದ ಪ್ಯಾನೆಲ್ಲಿಗೆ ಖರ್ಚು ಹೋಗಿ 3,65,000 ಸಿಕ್ಕರೆ ಮಾತ್ರ ಅಸಲು ಸರಿಹೋಗುತ್ತದೆ. ಅಷ್ಟು ಬೆಲೆ ಸಿಗುವ ಭರವಸೆ ಇಲ್ಲದಿದ್ದರೆ ಮೊದಲು ಶೆಡ್ ಮಾಲೀಕರ ಹತ್ತಿರ ಕರಾರು ಮುಂದುವರಿಸುವ ಮಾತಾಡಿ, ಆಮೇಲೆ ಕೊಟೇಶನ್ ತರಿಸಿ.